ಎರಡು ಕೊಂಡಿಯ ನಿಯಮ

ಅತ್ತಿಗೆ ಹೂಂಗುಡುವುದನ್ನು ನಿಲ್ಲಿಸಿದ್ದು ಮುನ್ನುಡಿಯ ಎರಡನೆಯ ಪುಟದ ನಡುವಿನಲ್ಲಿ.

ಆ ಮನೆಯಲ್ಲಿ ಯಾರು ಕಥೆ ಹೇಳಿದರೂ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕೇಳುವವರು ನಿದ್ದೆ ಹೋಗಿದ್ದಾರೆ, ಇಲ್ಲವೇ ಕಥೆ ದಾರಿ ತಪ್ಪಿದೆ ಎಂದು ಅರ್ಥ. ಅತ್ತಿಗೆ ನಿದ್ದೆ ಹೋಗಿರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಬಲಗಣ್ಣಿಗೆ ಬಿಳಿಯ ಪಟ್ಟಿ; ಎಡಗಣ್ಣಿನ ಪೊರೆ ಇನ್ನೂ ತೆಗೆದಿಲ್ಲ. ಓದಬಾರದು, ಬರೆಯಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಅಳಬಾರದು ಎಂದೂ ಹೇಳಿದ್ದರು, ಅದಕ್ಕೆ ಅತ್ತಿಗೆ ನಕ್ಕಿದ್ದರು.

ಓದುತ್ತಿದ್ದವರು ಅವರ ಮೈದುನ. ವೃತ್ತಿಯಿಂದ ಸಂಪಾದಕರು, ತಲೆಯೆಲ್ಲ ನರೆತವರು, ಮನೆಯಲ್ಲಿ ಮಾತ್ರ ಇನ್ನೂ 'ಮರಿ'. ಅವರಿಗೆ ಇಟ್ಟದ್ದು ಅವರ ಅಜ್ಜನ ಹೆಸರು. ಮಾವನ ಹೆಸರನ್ನು ಕೂಗಿ ಕರೆಯಲು ತಾಯಿಗೆ ಬಾಯಿ ಬರಲಿಲ್ಲ. ಮರಿ ಎಂದರು. ಅಜ್ಜ ತೀರಿದರು, ತಾಯಿಯೂ ತೀರಿದರು, ಮರಿ ಉಳಿಯಿತು. ಆಫೀಸಿನಲ್ಲಿ ಯಾರಿಗೂ ಇದು ಗೊತ್ತಾಗಬಾರದೆಂದು ಸಂಪಾದಕರು ಎಚ್ಚರ ವಹಿಸಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಯಾಕೆ ಅತ್ತಿಗೆ, ಕೇಳ್ತಾ ಇದೀರಾ?"

"ಕೇಳ್ತಾ ಇದೀನಪ್ಪ."

"ಮತ್ತೆ ಹೂಂ ಅನ್ನಲ್ವಲ್ಲ."

"ಈ ಮನುಷ್ಯ ಯಾರು ಅಂತ ಯೋಚನೆ ಮಾಡ್ತಾ ಇದ್ದೆ ಮರಿ. ಇವರನ್ನ ನಾನು ಅನುವಾದ ಮಾಡಿದ ಹಾಗೆ ನೆನಪಿಲ್ವಲ್ಲ."

ಸಂಪಾದಕರಿಗೆ ಪಾಪ ಅನ್ನಿಸಿತು. ವಯಸ್ಸು ಕಣ್ಣಿನಿಂದ ನೆನಪಿಗೂ ಇಳಿಯಿತಲ್ಲ ಎಂದು ಮನಸ್ಸಿನಲ್ಲೇ ನಿಟ್ಟುಸಿರಿಟ್ಟರು.

ಇದಕ್ಕೆ ಮೊದಲಿನದನ್ನು ಹೇಳದೆ ಮುಂದೆ ಹೋದರೆ ನಾನೂ ದಾರಿ ತಪ್ಪಿದಂತಾಗುತ್ತದೆ.

ಅತ್ತಿಗೆ ಅರಬ್ಬಿ ಕಲಿತದ್ದು ತಂದೆಯ ಬಳಿ, ಕಲಿಸಿದ್ದು ಕಾಲೇಜಿನಲ್ಲಿ. ನಿವೃತ್ತಿಯ ನಂತರ ಒಂದು ಹಳೆಯ ಗ್ರಂಥವನ್ನು ಕನ್ನಡಕ್ಕೆ ತರಲು ಕೂತರು. ಯಾವುದೋ ಕಾಲದ, ಯಾವುದೋ ಪಟ್ಟಣದ ನ್ಯಾಯಾಧೀಶರ ಜೀವನಗಳು ಅದರಲ್ಲಿವೆ. ಬರೆದಾತ ಪಟ್ಟಣದ ಒಬ್ಬ ವೃದ್ಧ. ಯಾರನ್ನೂ ಹೊಗಳಿ ಆಕಾಶಕ್ಕೇರಿಸುವುದಿಲ್ಲ, ತೆಗಳಿ ಪಾತಾಳಕ್ಕೂ ತಳ್ಳುವುದಿಲ್ಲ. ಕೇಳಿದ್ದನ್ನು ಬರೆದು, ಪ್ರತಿಯೊಬ್ಬರ ಜೀವನದ ಕೊನೆಗೆ "ದೇವರೇ ಚೆನ್ನಾಗಿ ಬಲ್ಲ" ಎಂದು ಮುಗಿಸುತ್ತಾನೆ. ಆ ಒಂದು ವಾಕ್ಯವನ್ನು ಅತ್ತಿಗೆ ಪ್ರತಿಸಲವೂ ಹೊಸದಾಗಿ ಬರೆಯುವವರಂತೆ ನಿಧಾನವಾಗಿ ಬರೆಯುತ್ತಿದ್ದರು.

ಕಥೆಗಳು ಕಷ್ಟವಾಗಲಿಲ್ಲ. ಕಷ್ಟವಾದದ್ದು ಹೆಸರುಗಳು.

ಅರಬ್ಬಿಯ ಹೆಸರಿಗೆ 'ಅಲ್' ಎಂಬುದೊಂದು ಮುಂದೆ ಅಂಟಿಕೊಳ್ಳುತ್ತದೆ. ಅದರ ನಂತರ ಕ, ಬ, ಮ ಬಂದರೆ ಅದು ಅಲ್ ಆಗಿಯೇ ಕೇಳುತ್ತದೆ. ಸ, ನ, ರ, ದ ಬಂದರೆ ಲಕಾರ ಕರಗಿ ಮುಂದಿನ ಅಕ್ಷರವೇ ಇಮ್ಮಡಿಯಾಗುತ್ತದೆ. ಬಡಗಿ ಎಂಬ ಅರ್ಥದ ಹೆಸರನ್ನು ಬರೆಯುವುದು ಅಲ್-ನಜ್ಜಾರ್, ಕರೆಯುವುದು ಅನ್-ನಜ್ಜಾರ್. ಸಂಪಾದಕರು ಅಕ್ಷರದ ಪಕ್ಷ. ಅತ್ತಿಗೆ ಕಿವಿಯ ಪಕ್ಷ.

"ಮೂಲದಲ್ಲಿ ಲಾಮ್ ಅಕ್ಷರ ಇದೆ ಅತ್ತಿಗೆ. ಇರೋದನ್ನ ಅಳಿಸೋಕೆ ನಾವ್ಯಾರು?"

"ಅಳಿಸ್ತಿರೋದು ನಾನಲ್ಲಪ್ಪ, ನಾಲಿಗೆ. ಕನ್ನಡದವರು ಬರೆದದ್ದನ್ನ ಬರೆದ ಹಾಗೇ ಓದ್ತಾರೆ. ನೀನು ಅಲ್-ನಜ್ಜಾರ್ ಅಂತ ಅಚ್ಚು ಹಾಕಿದ್ರೆ, ಆ ಬಡಗಿ ಎದ್ದು ಬಂದ್ರೂ ತನ್ನ ಹೆಸರಿಗೆ ತಿರುಗಿ ನೋಡಲ್ಲ."

ಹೀಗೆ ಒಂದು ಚಳಿಗಾಲ ಕಳೆಯಿತು. ಕೊನೆಗೆ ಕಿವಿ ಗೆದ್ದಿತು. ಸಂಪಾದಕರು ನಿಯಮ ಮಾಡಿದರು. ಅವರಿಗೆ ಸೋಲು ಕೂಡ ನಿಯಮದ ರೂಪದಲ್ಲಿ ಬಂದರೆ ಹಿಡಿಸುತ್ತಿತ್ತು. ಅಲ್ ಅನ್ನು ಕೇಳಿದಂತೆ ಬರೆದು ಅಡ್ಡಗೆರೆ ಹಾಕಬೇಕು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಅದನ್ನು ಎಣಿಸಬಾರದು, ಎಣಿಸಿದರೆ ಅರ್ಧ ಪಟ್ಟಣ ಅಕಾರದ ಕೆಳಗೆ ಬಂದು ಕೂರುತ್ತದೆ. 'ಇಂಥವನ ತಂದೆ' ಎನ್ನುವ ಅಬೂ ವಾಕ್ಯದಲ್ಲಿ ಜಾಗ ಬದಲಿಸಿದಂತೆ ಅಬಾ, ಅಬೀ ಎಂದು ರೂಪ ಬದಲಿಸುತ್ತದೆ. ಕನ್ನಡದಲ್ಲಿ ಎಲ್ಲೆಡೆ ಅಬೂ; ಅಕಾರಾದಿಯಲ್ಲಿ ಅದಕ್ಕೂ ಲೆಕ್ಕವಿಲ್ಲ. 'ಮಗ' ಎನ್ನುವುದು ಹೆಸರಿನ ಮೊದಲಿಗೆ ಬಂದರೆ ಇಬ್ನ್, ಎರಡು ಹೆಸರುಗಳ ನಡುವೆ ಬಂದರೆ ಬಿನ್. ಈ ನಿಯಮಗಳೆಲ್ಲ ಒಂದು ಹಾಳೆಯಾಗಿ ಆಫೀಸಿನ ಗೋಡೆಯ ಮೇಲೆ, ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂಬ ಸೂಚನೆಯ ಪಕ್ಕದಲ್ಲಿ ಅಂಟಿಕೊಂಡವು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಅತ್ತಿಗೆಯ ಕಣ್ಣು ಮಸುಕಾಯಿತು. ಹಸ್ತಪ್ರತಿಯ ಕೊನೆಯ ಕಟ್ಟನ್ನು ಅಕ್ಷರ ಜೋಡಿಸಲು ಕೊಟ್ಟು ಆಸ್ಪತ್ರೆ ಸೇರಿದರು. ಕಟ್ಟು ಜೋಡಣೆ ಮುಗಿದು ಮರಳಿ ಅವರ ಮನೆಯ ಕಪಾಟು ಸೇರಿತು. ಕರಡು ಪುಟಗಳು ಸಂಪಾದಕರ ಮೇಜು ಸೇರಿದವು.

ಅಕ್ಷರ ಜೋಡಿಸುವಾಕೆಯನ್ನು ಎಲ್ಲರೂ ಕೀಲಿಮಣೆ ಅಕ್ಕ ಎನ್ನುತ್ತಿದ್ದರು. ಇಬ್ಬರು ಮಕ್ಕಳ ಮದುವೆ ಮಾಡಿದ ಹೆಂಗಸು. ಬೆರಳು ಓಡುವಷ್ಟೇ ಬಾಯಿಯೂ ಓಡುತ್ತಿತ್ತು.

"ಸಾರ್, ಇದೇನು ಹೆಸರೋ ಗೂಡ್ಸ್ ಗಾಡಿಯೋ? ಇಂಜಿನ್ನು ಈ ಸಾಲಲ್ಲಿದೆ, ಗಾರ್ಡು ಮೂರನೇ ಸಾಲಲ್ಲಿದಾನೆ."

"ಅದು ವಂಶಾವಳಿ ತಾಯಿ. ಇಂಥವರು, ಇಂಥವರ ಮಗ, ಅವರು ಇಂಥವರ ಮಗ..."

"ನನಗೂ ಅಪ್ಪ, ಅಜ್ಜ, ಮುತ್ತಜ್ಜ ಎಲ್ರೂ ಇದ್ರು ಸಾರ್. ನಾನು ಎಲ್ರನ್ನೂ ಹೊತ್ಕೊಂಡು ಬಸ್ಸು ಹತ್ತಲ್ಲ. ತಲೆಬರಹ ಒಂದು ಸಾಲಲ್ಲಿ ನಿಲ್ಬೇಕು. ಇಲ್ದಿದ್ರೆ ಪುಟ ಹೆಚ್ಚಾಗುತ್ತೆ, ಪುಸ್ತಕ ಹಾಕೋ ಟ್ರಸ್ಟಿನವರಿಗೆ ನೀವೇ ಉತ್ತರ ಹೇಳಿ."

ಸಂಪಾದಕರು ಕಿಟಕಿಯಾಚೆ ನೋಡಿದರು. ಕೆಳಗೆ ಸೈಕಲ್ ರಿಪೇರಿಯವನು ಒಂದು ಸರಪಳಿ ಉದ್ದವಾಯಿತೆಂದು ಕೊಂಡಿ ಬಿಚ್ಚಿ ಕಡಿಮೆ ಮಾಡುತ್ತಿದ್ದ. ಸೈಕಲ್ ಅದರಿಂದ ಹಗುರವಾಗಿ ಓಡುವುದನ್ನೂ ಅವರು ನೋಡಿದರು. ಒಳ್ಳೆಯ ಉಪಮೆಗಳು ಮನುಷ್ಯನಿಗೆ ಎಷ್ಟು ಕೇಡು ಮಾಡುತ್ತವೆ ಎಂಬುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

"ಸರಿ," ಎಂದರು. "ಎರಡು ಕೊಂಡಿ ಸಾಕು. ಹೆಸರು, ತಂದೆಯ ಹೆಸರು, ಕೊನೆಗೆ ಕುಲವೋ ಕಸುಬೋ ಇದ್ದರೆ ಅದು. ಉಳಿದದ್ದು ತೆಗೀರಿ. ಅಬೂಗಳನ್ನೂ ತಲೆಬರಹದಿಂದ ತೆಗೀರಿ. ಆದ್ರೆ ಎಲ್ಲಾ ಕಡೆ ಒಂದೇ ಥರ ಇರ್ಬೇಕು ನೋಡಿ. ಒಬ್ಬರಿಗೊಂದು ಒಬ್ಬರಿಗೊಂದು ಅಂತ ಮಾಡಬಾರದು."

ಕೀಲಿಮಣೆ ಅಕ್ಕ ಎಲ್ಲಾ ಕಡೆ ಒಂದೇ ಥರ ಮಾಡಿದರು. ಗೋಡೆಯ ಹಾಳೆಗೆ ಹೊಸ ನಿಯಮವೊಂದು ಸೇರಿತು.

ಕತ್ತರಿಸಿದ ಕರಡನ್ನು ಓದುತ್ತ ಸಂಪಾದಕರು ನಕಾರಕ್ಕೆ ಬಂದಾಗ ಒಂದು ವಿಚಿತ್ರ ಕಂಡಿತು. 'ನುಮೈರ್ ಬಿನ್ ವಹಬ್ ಅಸ್-ಸರ್ರಾಜ್' ಎಂಬ ತಲೆಬರಹ. ಅದರ ಕೆಳಗೆ ಒಂದು ಜೀವನ. ಅದು ಮುಗಿಯುತ್ತಲೇ ಮತ್ತೆ 'ನುಮೈರ್ ಬಿನ್ ವಹಬ್ ಅಸ್-ಸರ್ರಾಜ್'. ಅದರ ಕೆಳಗೆ ಇನ್ನಷ್ಟು ಜೀವನ.

ಅವರಿಗೆ ಕೂಡಲೇ ಅರ್ಥವಾಯಿತು ಅನ್ನಿಸಿತು. ಅತ್ತಿಗೆಯ ಕಣ್ಣು. ಮಸುಕುಗಣ್ಣಿನಲ್ಲಿ ಬರೆದವರು, ಎಲ್ಲೋ ಎದ್ದು ಹೋಗಿ ಬಂದು ಕೂತವರು, ತಲೆಬರಹವನ್ನು ಮತ್ತೊಮ್ಮೆ ಬರೆದುಬಿಟ್ಟಿದ್ದಾರೆ. ಕಪಾಟಿನಿಂದ ಹಸ್ತಪ್ರತಿ ತರಿಸಿ ನೋಡಬಹುದಿತ್ತು. ತರಿಸಿದರೆ ಅತ್ತಿಗೆ ಯಾಕೆ ಎಂದು ಕೇಳುತ್ತಾರೆ. ನಿಮ್ಮ ಕಣ್ಣು ತಪ್ಪಿದೆ ಎಂದು ಯಾವ ಬಾಯಿಂದ ಹೇಳುವುದು? ತಾಯಿ ಹೋದ ಮೇಲೆ ತನಗೆ ಬಡಿಸಿ ಬೆಳೆಸಿದ ಕೈ ಅದು. ಸಂಪಾದಕರು ಎರಡನೆಯ ತಲೆಬರಹವನ್ನು ಸದ್ದಿಲ್ಲದೆ ಹೊಡೆದು ಹಾಕಿದರು. ಎರಡನೆಯ ಭಾಗ "ಇವರೂ ನ್ಯಾಯಾಧೀಶರಾಗಿದ್ದರು" ಎಂದು ಶುರುವಾಗಿತ್ತು. ಅದನ್ನೂ ಕಣ್ಣಿನ ಲೆಕ್ಕಕ್ಕೇ ಬರೆದು ಆ ವಾಕ್ಯ ತೆಗೆದರು. ಮೊದಲನೆಯ ಭಾಗದ ಕೊನೆಯಲ್ಲಿದ್ದ "ಸಾವಿನ ವರ್ಷ ಸಿಗಲಿಲ್ಲ, ದೇವರೇ ಚೆನ್ನಾಗಿ ಬಲ್ಲ" ಎಂಬುದನ್ನೂ ತೆಗೆದರು, ಯಾಕೆಂದರೆ ಸಾವಿನ ವರ್ಷ ಎರಡನೆಯ ಭಾಗದಲ್ಲಿ ಇತ್ತಲ್ಲ. ಒಬ್ಬರ ಮಾನ ಉಳಿಸಿದ ತೃಪ್ತಿಯಲ್ಲಿ ಅವರು ಅಂದು ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದರು.

ಆಮೇಲೆ ಆ ಜೀವನವನ್ನು ಒಟ್ಟಾಗಿ ಓದಿದರು.

ನುಮೈರ್ ಜೀನುಗಾರರ ಮನೆಯವರು. ಸರ್ರಾಜ್ ಎಂದರೆ ಕುದುರೆಯ ಜೀನು ಹೊಲಿಯುವವನು. ನ್ಯಾಯಾಧೀಶನಾಗು ಎಂದು ಕರೆ ಬಂದಾಗ ಅವರು ಓಡಿಹೋಗಿ ತಂದೆಯ ಅಂಗಡಿಯ ತೊಗಲಿನ ರಾಶಿಯ ಹಿಂದೆ ಅಡಗಿದರು. ಹುಡುಕಿ ಎಳೆದು ತಂದು ಕೂರಿಸಿದರು. ಕೂತ ಮೇಲೆ ಅಂಥ ನ್ಯಾಯಾಧೀಶ ಮತ್ತೊಬ್ಬನಿರಲಿಲ್ಲ. ನ್ಯಾಯಸ್ಥಾನದ ಲೇಖನಿಯಲ್ಲಿ ಮಗ ತನ್ನ ಪಾಠ ಬರೆದುಕೊಂಡನೆಂದು, ಮೊನೆ ಸವೆದ ಲೆಕ್ಕಕ್ಕೆ ಹೊಸ ಲೇಖನಿ ತಂದಿಟ್ಟರು. ಇಲ್ಲಿಗೆ ಮೊದಲ ಭಾಗ. ಮುಂದೆ ಅದೇ ನುಮೈರ್ ಕಾಣಿಕೆಗಳನ್ನು ಹಿಂಬಾಗಿಲಿನಿಂದ ಪಡೆಯುತ್ತಾರೆ. ನಂಟರನ್ನು ಸಾಕ್ಷಿಗಳ ಸಾಲಿನಲ್ಲಿ ಕೂರಿಸುತ್ತಾರೆ. ಒಬ್ಬ ವಿಧವೆ ಬೀದಿಯಲ್ಲಿ ನಿಂತು ಕೂಗುತ್ತಾಳೆ. ಅಧಿಕಾರ ಹೋಗುತ್ತದೆ. ಅವರು ಜೀನಿನ ಅಂಗಡಿಗೆ ಮರಳಿ, ಸಾಯುವತನಕ ಸೂಜಿ ಹಿಡಿಯುತ್ತಾರೆ. ದೇವರೇ ಚೆನ್ನಾಗಿ ಬಲ್ಲ.

ಎರಡು ಸಲ ಅದೇ ಅಂಗಡಿ! ಮೊದಲು ಅಧಿಕಾರಕ್ಕೆ ಹೆದರಿ, ಆಮೇಲೆ ಅಧಿಕಾರ ಕಳೆದು. ಸಂಪಾದಕರು ವೃತ್ತಿಯುದ್ದಕ್ಕೂ ಬೇರೆಯವರ ಬರಹ ತಿದ್ದಿದವರು. ತಮ್ಮದೆಂದು ನಾಲ್ಕು ಸಾಲು ಅಚ್ಚಾಗಿರಲಿಲ್ಲ. ಈ ಸಲ ಮಾತ್ರ ಟ್ರಸ್ಟಿನವರು, ಮುನ್ನುಡಿ ನೀವೇ ಬರೆಯಿರಿ, ನಿಮ್ಮ ಹೆಸರಿನಲ್ಲೇ ಬರಲಿ ಎಂದಿದ್ದರು. ಏನು ಬರೆಯುವುದೆಂದು ತೋಚದೆ ಒದ್ದಾಡುತ್ತಿದ್ದವರಿಗೆ ಆ ಜೀನಿನ ಅಂಗಡಿ ಬಾಗಿಲು ತೆರೆಯಿತು. 'ಜೀನಿಗೆ ಮರಳಿದವರು' ಎಂದು ನಾಲ್ಕು ಪುಟ ಬರೆದರು. ಒಳ್ಳೆಯವನು ಹೇಗೆ ಕೆಡುತ್ತಾನೆ, ಕೆಟ್ಟವನಿಗೆ ಹಳೆಯ ಬಾಗಿಲು ಹೇಗೆ ತೆರೆದೇ ಇರುತ್ತದೆ, ತೊಗಲಿನ ರಾಶಿ ಹೇಗೆ ಮೊದಲು ಅಡಗುದಾಣವೂ ಆಮೇಲೆ ಪ್ರಾರ್ಥನೆಯ ಕೋಣೆಯೂ ಆಗುತ್ತದೆ. ನಾನು ಅದನ್ನು ಓದಿದ್ದೇನೆ. ಚೆನ್ನಾಗಿದೆ. ಜೋಡಿಸುವಾಗ ಕೀಲಿಮಣೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂಗೂ ಒರೆಸಿಕೊಂಡರು. ಸಂಪಾದಕರಿಗೆ ಜನ್ಮ ಸಾರ್ಥಕವಾಯಿತು.

ಅದನ್ನೇ ಈಗ ಅತ್ತಿಗೆಗೆ ಓದುತ್ತಿದ್ದದ್ದು.

"ನೆನಪು ಮಾಡ್ಕೊಳ್ಳಿ ಅತ್ತಿಗೆ," ಎಂದರು ಮೆಲ್ಲಗೆ, ಮಗುವಿಗೆ ಹೇಳುವಂತೆ. "ನುಮೈರ್ ಬಿನ್ ವಹಬ್. ಲೇಖನಿ ತಂದಿಟ್ಟವರು."

"ಲೇಖನಿಯವರು ನೆನಪಿದಾರೆ. ಆ ಪುಟ ಬರೆದ ದಿನ ನಾನು ಬೇರೇನೂ ಬರೀಲಿಲ್ಲ, ಸಾಕು ಅನ್ನಿಸ್ತು."

"ಅವರೇ ಆಮೇಲೆ ಕಾಣಿಕೆ ತಗೊಂಡ್ರಲ್ಲ."

"ಯಾರು?"

"ನುಮೈರ್."

"ಯಾವ ನುಮೈರ್?"

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. "ಒಬ್ಬರೇ ಅಲ್ವಾ ಇರೋದು."

ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು. ಅತ್ತಿಗೆ ಗೋಡೆಯಿಂದ ಬೆನ್ನು ತೆಗೆದು ಹೇಳಿದರು: "ಕಪಾಟಿನ ಕೆಳಗಿನ ಖಾನೆಲಿ ಕೊನೇ ಕಟ್ಟು ಇದೆ. ತಗೊಂಡು ಬಾ. ನನಗೆ ಓದೋಕಾಗಲ್ಲ, ನೀನೇ ಓದು. ಬರೀ ತಲೆಬರಹ ಸಾಕು."

ಮೈದುನ ಕಟ್ಟು ಬಿಚ್ಚಿದರು. ಅತ್ತಿಗೆಯ ಅಕ್ಷರ ದೊಡ್ಡದಾಗಿತ್ತು, ಕೊಂಚ ನಡುಗಿತ್ತು, ಆದರೆ ಒಂದೂ ಸಾಲು ಬಿಟ್ಟಿರಲಿಲ್ಲ.

"ಅಬೂ ವಹಬ್ ನುಮೈರ್ ಬಿನ್ ವಹಬ್ ಬಿನ್ ಸಾಲಿಮ್ ಅಸ್-ಸರ್ರಾಜ್."

"ಹೂಂ. ಇವರು ಲೇಖನಿಯವರು. ಮುಂದಿನದು."

"ಅಬೂ ಸಾಲಿಮ್ ನುಮೈರ್ ಬಿನ್ ವಹಬ್..." ಎಂದು ಶುರು ಮಾಡಿದ ಸಂಪಾದಕರ ದನಿ ಗಟ್ಟಿಯಾಗಿತ್ತು. "ಬಿನ್ ನುಮೈರ್..." ಎನ್ನುವಾಗ ಇಳಿಯಿತು. "ಬಿನ್ ವಹಬ್ ಬಿನ್ ಸಾಲಿಮ್" ಎನ್ನುವುದು ಅವರ ಗಂಟಲಲ್ಲೇ ಉಳಿಯಿತು. ಅಸ್-ಸರ್ರಾಜ್ ಅನ್ನು ಅವರು ಓದಲೇ ಇಲ್ಲ.

"ನುಮೈರ್ ಮಗ ವಹಬ್. ವಹಬ್ ಮಗನಿಗೆ ತಾತನ ಹೆಸರಿಟ್ರು, ನುಮೈರ್," ಎಂದರು ಅತ್ತಿಗೆ. "ಲೇಖನಿಯವರು ತಾತ. ಕಾಣಿಕೆಯವನು ಮೊಮ್ಮಗ. ಅಂಗಡಿ ಒಂದೇ, ಮನುಷ್ಯರು ಇಬ್ಬರು. ಅಲ್ಲ ಮರಿ, ನಿನ್ನನ್ನ ಮರಿ ಅಂತ ಯಾಕೆ ಕರೀತೀವಿ? ಬೇರೆ ಯಾರಿಗೆ ತಿಳೀದಿದ್ರೂ ಇದು ನಿನಗೆ ತಿಳೀಬೇಕಿತ್ತಲ್ಲಪ್ಪ."

ಸಂಪಾದಕರು ಮಂಚದ ಕಾಲನ್ನು ನೋಡುತ್ತ ಕೂತರು. ಅವರೊಳಗೆ ಒಂದಾದ ಮೇಲೊಂದು ಬಾಗಿಲು ಮುಚ್ಚುತ್ತಿತ್ತು. ಮೊದಲು ಮುಚ್ಚಿದ್ದು ಜೀನಿನ ಅಂಗಡಿಯದು.

"ನನಗೆ..." ಎಂದರು, "ನಿಮ್ಮ ಕಣ್ಣಿಂದ ತಲೆಬರಹ ಎರಡು ಸಲ ಬಂದಿರಬೇಕು ಅನ್ನಿಸ್ತು. ಹೇಳಿದ್ರೆ ನೊಂದ್ಕೋತೀರಿ ಅಂತ..."

"ಓಹೋ. ನನ್ನ ಕಣ್ಣಿಗೆ ಪೊರೆ ಬಂದಿತ್ತು, ನಿಜ," ಎಂದು ಅತ್ತಿಗೆ ಪಟ್ಟಿಯನ್ನು ಮುಟ್ಟಿಕೊಂಡರು. "ನಿನ್ನ ಕಣ್ಣಿಗೆ ಪ್ರೀತಿ ಬಂದಿತ್ತೇನೋ. ಪೊರೆಗಾದ್ರೆ ಆಪರೇಷನ್ ಇದೆ."

ಅವರು ನಗುತ್ತಿದ್ದರು. ಮೈದುನನಿಗೆ ನಗು ಬರಲಿಲ್ಲ. ಎದ್ದು ನೀರು ಕುಡಿದು ಬಂದರು. ಬಂದವರು ಸಂಪಾದಕರಾಗಿ ಬಂದರು.

"ಒಂದು ಮಾತು ಅತ್ತಿಗೆ. ಮುನ್ನುಡಿ ಆಗಲೇ ಜೋಡಿಸಿ ಆಗಿದೆ. ಅದರ ಅರ್ಥ ಏನೂ ತಪ್ಪಲ್ಲ, ಮನುಷ್ಯ ಕೆಡೋದೂ ನಿಜ, ಮರಳೋದೂ ನಿಜ. ಓದೋರು ಒಂದಷ್ಟು ಒಳ್ಳೇದು ಕಲೀತಾರೆ. ಆ ಇಬ್ಬರೂ ಸತ್ತು ಎಷ್ಟು ಕಾಲ ಆಯ್ತೋ. ಈಗ ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ."

ಸಂಪಾದಕರ ಮುಖ ಕೊಂಚ ಅರಳಿತು.

"ಅದಕ್ಕೇ ಹೆದರಿಕೆ," ಎಂದರು ಅತ್ತಿಗೆ. "ನೋಡು, ಆ ತಾತ ಒಂದು ಲೇಖನಿ ಮೊನೆ ಸವೆದದ್ದಕ್ಕೆ ಉತ್ತರ ಕೊಟ್ಟವರು. ಅವರ ಬಗ್ಗೆ ಕನ್ನಡದಲ್ಲಿ ಇನ್ನೊಂದು ಪುಸ್ತಕ ಬರಲ್ಲ. ಬಂದ ಒಂದರಲ್ಲಿ ಲಂಚ ತಿಂದ್ರು ಅಂತ ಬಂದ್ರೆ, ಅವರು ಎದ್ದು ಬಂದು ಅಲ್ಲ ಅನ್ನೋ ಹಾಗಿದೆಯಾ? ನಮ್ಮ ಕೈಲಿ ಕೊಟ್ಟು ಹೋಗಿದಾರೆ. ಇನ್ನು ಮೊಮ್ಮಗ. ಅವನ ಪಾಪಾನ ಬೇರೆಯವರ ಪುಣ್ಯದ ಜೊತೆ ಬೆರೆಸಿ ಸಿಹಿ ಮಾಡೋದು ಅವನಿಗಾದ್ರೂ ಬೇಕಾ? ಅವನೇ ಕೂತು ಹೊಲಿದು ತೀರಿಸ್ಕೊಂಡ."

"ನನ್ನ ನಾಲ್ಕು ಪುಟ?" ಎಂದರು ಸಂಪಾದಕರು. ದನಿ ಮರಿಯದಾಗಿತ್ತು.

ಅತ್ತಿಗೆ ಕೈ ಚಾಚಿ, ಗಾಳಿಯಲ್ಲಿ ತಡಕಿ, ಮೈದುನನ ಮೊಣಕಾಲು ಸಿಕ್ಕಿದ್ದಕ್ಕೆ ಅದನ್ನೇ ಎರಡು ಸಲ ತಟ್ಟಿದರು.

ಮರುದಿನ ಆಫೀಸಿನಲ್ಲಿ ಸಂಪಾದಕರು ಗೋಡೆಯ ಹಾಳೆಯ ಮುಂದೆ ನಿಂತು, ಕೊನೆಯ ನಿಯಮಕ್ಕೆ ಅಡ್ಡ ಗೆರೆ ಎಳೆದರು. ಕೀಲಿಮಣೆ ಅಕ್ಕ ಕುರ್ಚಿ ತಿರುಗಿಸಿದರು.

"ಏನು ಸಾರ್, ಗಾಡಿಗೆ ಮತ್ತೆ ಡಬ್ಬಿ ಜೋಡಿಸೋದಾ?"

"ಜೋಡಿಸಬೇಕು ತಾಯಿ. ತಲೆಬರಹದಲ್ಲಿ ಮೂಲದಲ್ಲಿ ಎಷ್ಟಿದೆಯೋ ಅಷ್ಟೂ. ಒಳಗಿನ ಪುಟಗಳಲ್ಲಿ ಮಾತ್ರ ಚಿಕ್ಕದು ಮಾಡಬಹುದು. ಅದೂ ಆ ಚಿಕ್ಕ ಹೆಸರಿಗೆ ಇನ್ನೊಬ್ಬರು ಓಗೊಡದೇ ಇದ್ದರೆ. ಓಗೊಟ್ರೆ ಇಬ್ಬರೂ ಬೇರೆಯಾಗೋವರೆಗೆ ಕೊಂಡಿ ಸೇರಿಸ್ತಾ ಹೋಗ್ಬೇಕು."

"ಒಬ್ಬರಿಗೊಂದು ಒಬ್ಬರಿಗೊಂದು ಮಾಡಬಾರದು ಅಂದ್ರಲ್ಲ?"

"ಅಂದಿದ್ದೆ. ನಿಯಮ ಒಂದೇ ಇರಬೇಕು, ಉದ್ದ ಒಂದೇ ಇರಬೇಕಾಗಿಲ್ಲ."

"ಹಾಗಂತ ಮೊದಲೇ ಹೇಳಿದ್ರೆ ನನ್ನ ಬೆರಳು ಉಳೀತಿತ್ತು. ಸರಿ, ಮುನ್ನುಡಿ?"

"ಅದನ್ನ ತೆಗೀರಿ."

"ಯಾಕೆ ಸಾರ್? ಪಾಪ, ಆ ಅಜ್ಜ..."

"ಅಂಥ ಅಜ್ಜ ಇರಲಿಲ್ಲ. ಇಬ್ಬರು ಬೇರೆ ಬೇರೆ ಮನುಷ್ಯರು. ನಾನು ಹೊಲಿದು ಒಂದು ಮಾಡಿದ್ದೆ."

ಕೀಲಿಮಣೆ ಅಕ್ಕ ಅವರನ್ನು ನೋಡಿಯೇ ನೋಡಿದರು. "ಇರಲೇ ಇಲ್ವಾ? ಹಾಗಾದ್ರೆ ನಾನು ಅತ್ತಿದ್ದು ದಂಡ!"

ಈ ಮಾತು ಹೇಗೋ ಏನೋ, ಸಂಪಾದಕರಿಗೆ ಅಂದಿನ ಏಕೈಕ ಸಮಾಧಾನವಾಯಿತು.

ಇಡೀ ಪುಸ್ತಕವನ್ನು ಅವರು ಹಸ್ತಪ್ರತಿಯ ಜೊತೆ ಮತ್ತೆ ಹೋಲಿಸಿದರು. ಬೇರೆ ಯಾರೂ ಯಾರಿಗೂ ಅಂಟಿಕೊಂಡಿರಲಿಲ್ಲ; ಸೋದರರು ಸೋದರರಾಗಿ, ಚಿಕ್ಕಪ್ಪಂದಿರು ಚಿಕ್ಕಪ್ಪಂದಿರಾಗಿ ನೆಟ್ಟಗಿದ್ದರು. ಹೊಡೆದು ಹಾಕಿದ ತಲೆಬರಹ ಮರಳಿತು. "ಇವರೂ ನ್ಯಾಯಾಧೀಶರಾಗಿದ್ದರು" ಎಂಬುದು ಮರಳಿತು. ತಾತನ ಕೊನೆಗೆ "ಸಾವಿನ ವರ್ಷ ಸಿಗಲಿಲ್ಲ, ದೇವರೇ ಚೆನ್ನಾಗಿ ಬಲ್ಲ" ಮರಳಿತು. ಸಿಗದ ವರ್ಷವೊಂದು ಮತ್ತೆ ಸಿಗದಂತಾದದ್ದಕ್ಕೆ ಒಬ್ಬ ಮನುಷ್ಯ ಇಷ್ಟು ಹಗುರಾಗಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಮುನ್ನುಡಿಯ ಜಾಗ ಖಾಲಿ ಉಳಿಯಿತು. ಟ್ರಸ್ಟಿನವರು ಏನಾದರೂ ಹಾಕಿ ಎಂದು ಹೇಳಿ ಕಳಿಸಿದರು. ಸಂಪಾದಕರು ಅರ್ಧ ಪುಟ ಬರೆದರು: ಅಲ್ ಅನ್ನು ಹೇಗೆ ಬರೆದಿದೆ, ಅಬೂ ಏನು, ಬಿನ್ ಎಷ್ಟು, ಹೆಸರುಗಳ ಸಾಲು ಯಾಕೆ ಕೆಲವೆಡೆ ಉದ್ದ. ಅದರಲ್ಲಿ ಒಂದು ಉಪಮೆಯೂ ಇರಲಿಲ್ಲ. ಅದನ್ನು ಅತ್ತಿಗೆಗೆ ಓದಿದಾಗ ಅವರು ಉದ್ದಕ್ಕೂ ಹೂಂಗುಟ್ಟಿದರು.

"ಕೆಳಗೆ ನಿನ್ನ ಹೆಸರು ಹಾಕಿದೆಯಾ?"

"ಸಂಪಾದಕ ಅಂತ ಹಾಕಿದೀನಿ. ಹೆಸರು ಯಾಕೆ ಬಿಡಿ. ಹಾಕಿದ್ರೆ ಅಜ್ಜ ಬರೆದದ್ದು ಅಂತಾರೆ."

"ಅಜ್ಜನಿಗೆ ಎರಡು ಸಾಲು ಕಾಗದ ಬರೆಯೋಕೂ ನಿಮ್ಮಪ್ಪ ಬೇಕಾಗಿತ್ತಂತೆ. ಹಾಕೋ ಹಾಗಿದ್ರೆ ಇಂಥವರ ಮಗ, ಇಂಥವರ ಮೊಮ್ಮಗ ಅಂತ ಪೂರ್ತಿ ಹಾಕು."

"ಒಂದು ಸಾಲಲ್ಲಿ ನಿಲ್ಲಲ್ಲ ಅಂತ ಕೀಲಿಮಣೆ ಅಕ್ಕ ಬೈತಾರೆ."

ಪುಸ್ತಕ ಅಚ್ಚಾಗಿ ಬಂದ ಹೊತ್ತಿಗೆ ಅತ್ತಿಗೆಯ ಪಟ್ಟಿ ಹೋಗಿತ್ತು. ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. ಸಂಪಾದಕರು ನಕಾರದ ಪುಟ ತೆರೆದು ಅವರ ತೊಡೆಯ ಮೇಲಿಟ್ಟರು. ಅತ್ತಿಗೆ ಮುಖವನ್ನು ಹಾಳೆಯ ಹತ್ತಿರ ತಂದು, ಬೆರಳಿಟ್ಟು, ಒಂದೊಂದು ಬಿನ್ ಅನ್ನೂ ಮುಟ್ಟುತ್ತ ಏಣಿ ಹತ್ತುವವರ ಹಾಗೆ ಹೋದರು. ತಾತನ ಹೆಸರು ಒಂದೂವರೆ ಸಾಲಾಗಿತ್ತು. ಮೊಮ್ಮಗನದು ಎರಡು ಸಾಲು ದಾಟಿ ನಿಂತಿತ್ತು. ನಡುವೆ ಒಂದು ಬಿಳಿಯ ಜಾಗ, ಒಂದು ಹೊಸಿಲಿನಷ್ಟು.

"ಇಬ್ಬರೂ ಅವರವರ ಮನೆ ಸೇರಿದ್ರು," ಎಂದರು.

ಆಮೇಲೆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಗೋಡೆಗೊರಗಿ ಕಣ್ಣು ಮುಚ್ಚಿದರು.

"ಆ ನಾಲ್ಕು ಪುಟ ಇದೆಯಾ ಮರಿ? ಹರಿದು ಹಾಕಿದ್ಯಾ?"

ಸಂಪಾದಕರ ಕೈ ಎದೆಯ ಬಳಿ ಹೋಯಿತು. ಅದು ಅವರ ಅಂಗಿಯ ಒಳಜೇಬಿನಲ್ಲಿತ್ತು. ಯಾಕೆ ಇಟ್ಟುಕೊಂಡು ಬಂದಿದ್ದರೆಂದು ಅವರನ್ನು ಕೇಳಬಾರದು.

"ಇದೆ."

"ಓದು."

"ಯಾಕೆ ಅತ್ತಿಗೆ? ಆ ಮನುಷ್ಯ ಇರಲಿಲ್ವಲ್ಲ."

"ಇಲ್ಲದವರ ಕಥೆ ನಾನು ಎಷ್ಟು ಕೇಳಿಲ್ಲ. ಅವತ್ತು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಅವನ ಹೆಸರು ಒಂದು ತೆಗೆದುಬಿಡು. ಒಬ್ಬ ಜೀನುಗಾರ ಇದ್ದ ಅನ್ನು, ಸಾಕು."

ಸಂಪಾದಕರು ಹಾಳೆಗಳನ್ನು ಬಿಡಿಸಿದರು. ಮಡಿಕೆಯಲ್ಲಿ ಅಕ್ಷರಗಳು ಸ್ವಲ್ಪ ಸವೆದಿದ್ದವು. ಗಂಟಲು ಸರಿ ಮಾಡಿಕೊಂಡರು.

"ಒಬ್ಬ ಜೀನುಗಾರ ಇದ್ದ," ಎಂದರು.

"ಹೂಂ," ಎಂದರು ಅತ್ತಿಗೆ.